ಗತ್ಯಂತರವೋ ಗತ್ಯಾಂತರವೋ? ಅರ್ಜಿಯಲ್ಲಿ ಸುಮ್ನೆ ನುಸುಳುವ ದೀರ್ಘ

ಕೇಳಿದವರು (ಬಡಾವಣೆ ಸಂಘದ ಪತ್ರ ಬರೆಯುವವರು, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ವಾರ ಪೌರಾಯುಕ್ತರಿಗೆ ಒಂದು ಮನವಿ ಸಿದ್ಧ ಮಾಡಿದೆ. ಅದರ ಮುಖ್ಯ ಭಾಗ ಹೀಗಿತ್ತು:

"ಮೂರನೇ ಅಡ್ಡರಸ್ತೆಯಲ್ಲಿ ಬೀದಿದೀಪ, ಚರಂಡಿ ಇತ್ಯಾದಿ ಸೌಕರ್ಯಗಳಿಲ್ಲದೆ ನಿವಾಸಿಗಳಿಗೆ ಅನಾನುಕೂಲವಾಗಿದೆ. ಅತ್ಯಾಧಿಕ ಮಳೆಯಿಂದ ರಸ್ತೆಯೂ ಕಿತ್ತುಹೋಗಿದೆ. ಈ ಹಿನ್ನಲೆಯಲ್ಲಿ ದುರಸ್ತಿ ಅತ್ಯಾವಶ್ಯಕವಾಗಿದ್ದು, ಬೇರೆ ಗತ್ಯಾಂತರವಿಲ್ಲದೆ ತಮ್ಮಲ್ಲಿ ಮನವಿ ಮಾಡಿಕೊಳ್ಳುತ್ತಿದ್ದೇವೆ."

ಸಂಘದ ಹಿರಿಯರೊಬ್ಬರು ಓದಿ 'ಅತ್ಯಾಧಿಕ', 'ಗತ್ಯಾಂತರ' ಎರಡಕ್ಕೂ ಕೆಂಪು ಸುತ್ತು ಹಾಕಿದರು. ದೀರ್ಘ ತೆಗೀರಿ ಅಂದರು. ಸರಿ, ತೆಗೆಯೋಣ. ಆದರೆ 'ಅತ್ಯಾವಶ್ಯಕ', 'ಇತ್ಯಾದಿ' ಇವನ್ನು ಮುಟ್ಟಲೇ ಇಲ್ಲ. ನಾಲ್ಕರಲ್ಲೂ ಅದೇ 'ತ್ಯಾ' ಇದೆ. ಎರಡು ಸರಿ, ಎರಡು ತಪ್ಪು ಹೇಗೆ? ಕೇಳಿದರೆ "ಓದ್ತಾ ಓದ್ತಾ ಗೊತ್ತಾಗುತ್ತೆ" ಅಂದುಬಿಟ್ಟರು. ನನಗೆ ಅಷ್ಟು ವ್ಯವಧಾನ ಇಲ್ಲ. ಮುಂದಿನ ಪತ್ರಕ್ಕೆ ನಾನೇ ನೋಡಿಕೊಳ್ಳುವ ದಾರಿ ಏನಾದರೂ ಇದೆಯಾ?

ಬ್ಯಾಂಕ್ ಉದ್ಯೋಗಿ, ಹಾಸನ

ಇದು ಸುಲಭ ಸಾರ್. ಶಾಲೆಯಲ್ಲಿ ಯಣ್ ಸಂಧಿ ಓದಿದ್ದೀವಲ್ಲ. ಇ ಮುಂದೆ ಬೇರೆ ಸ್ವರ ಬಂದರೆ ಯಕಾರ ಬರುತ್ತೆ, ಅಷ್ಟೇ. ದೀರ್ಘ ಬರೋದು ಸವರ್ಣದೀರ್ಘದಲ್ಲಿ ಮಾತ್ರ. ಹಾಗಾಗಿ 'ತ್ಯಾ' ಕಂಡಲ್ಲೆಲ್ಲ 'ತ್ಯ' ಮಾಡಿ. 'ಅತ್ಯಾವಶ್ಯಕ' ಕೂಡ ತಪ್ಪೇ. ನಿಮ್ಮ ಹಿರಿಯರು ನೋಡದೆ ಬಿಟ್ಟಿರಬೇಕು. 'ಇತ್ಯಾದಿ' ಮಾತ್ರ ರೂಢಿಯಿಂದ ಉಳಿದುಕೊಂಡಿದೆ, ಅದೊಂದು ಅಪವಾದ.

ಕರಡು ತಿದ್ದುವವರು, ಬೆಂಗಳೂರು

ಮೇಲಿನವರು ಹೇಳಿದ ಮೊದಲ ಅರ್ಧ ಸರಿ. ಎರಡನೇ ಅರ್ಧ ನಂಬಿ ತಿದ್ದಿದರೆ ಸರಿ ಇದ್ದ ಪದವೂ ಕೆಡುತ್ತದೆ.

ಯಣ್ ಸಂಧಿ ದೀರ್ಘವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಮೊದಲ ಪದದ ಇಕಾರ ಯಕಾರ ಆಗುತ್ತದೆ. ಎರಡನೇ ಪದದ ಮೊದಲ ಸ್ವರ ಹೇಗಿತ್ತೋ ಹಾಗೇ ಬಂದು ಕೂರುತ್ತದೆ. ಹಾಗಾಗಿ ಪದದ ಬಾಲ ಹಿಡಿದು ಎಳೆದು ನೋಡಿ. 'ಇತ್ಯಾದಿ'ಯ ಬಾಲ 'ಆದಿ'. ಅದರಲ್ಲೇ ಆಕಾರ ಇದೆ, ಅದು ಅಪವಾದ ಅಲ್ಲವೇ ಅಲ್ಲ. 'ಪ್ರತ್ಯಾರೋಪ'ದ ಬಾಲ 'ಆರೋಪ', ಅದಕ್ಕೂ ದೀರ್ಘ ಬೇಕು. 'ಅತ್ಯಧಿಕ'ದ ಬಾಲ 'ಅಧಿಕ'. 'ಆಧಿಕ' ಅಂತ ನಾವು ಯಾರೂ ಹೇಳುವುದಿಲ್ಲ, ಅಲ್ವಾ? 'ಗತ್ಯಂತರ'ದ ಬಾಲ 'ಅಂತರ'. 'ಜಾತ್ಯತೀತ'ದ ಬಾಲ 'ಅತೀತ'. 'ಕೋಟ್ಯಧಿಪತಿ'ಯ ಬಾಲ 'ಅಧಿಪತಿ'. ಬಾಲಕ್ಕೆ ದೀರ್ಘ ಇಲ್ಲದಿದ್ದರೆ ಇಡೀ ಪದಕ್ಕೂ ಇಲ್ಲ.

ಹಾಗಾದರೆ ಇಷ್ಟು ಜನ 'ಗತ್ಯಾಂತರ', 'ಕೋಟ್ಯಾಂತರ' ಅಂತ ಯಾಕೆ ಬರೆಯುತ್ತಾರೆ? ನನಗನ್ನಿಸುವುದು, ಕಿವಿಯ ಮೋಸ. 'ಲಕ್ಷಾಂತರ', 'ರೂಪಾಂತರ', 'ದೇಶಾಂತರ' ಇವು ಕಿವಿಯಲ್ಲಿ ಕೂತಿವೆ. 'ಬೆಂಗಳೂರು ಗ್ರಾಮಾಂತರ' ಅಂತ ಜಿಲ್ಲೆಗೇ ಹೆಸರಿಟ್ಟಿದ್ದರು. ಅಲ್ಲೆಲ್ಲ ಮೊದಲ ಪದ ಅಕಾರದಲ್ಲಿ ಮುಗಿಯುತ್ತದೆ, ಎರಡು ಅಕಾರ ಸೇರಿ ಆಕಾರ ಆಗುತ್ತದೆ. ಅದನ್ನು ಕೇಳಿ ಕೇಳಿ 'ಆಂತರ' ಅಂತಲೇ ಒಂದು ಬಾಲ ಇದೆ ಅನ್ನಿಸಿಬಿಡುತ್ತದೆ. 'ಕೋಟಿ', 'ಗತಿ' ಇಕಾರದಲ್ಲಿ ಮುಗಿಯುವ ಪದಗಳು. ಅಲ್ಲಿ ಆ ದೀರ್ಘ ಹುಟ್ಟಲು ಜಾಗವೇ ಇಲ್ಲ. ಅನುಮಾನ ಬಂದರೆ 'ಮನ್ವಂತರ' ನೆನಪಿಸಿಕೊಳ್ಳಿ. ಮನು, ಅಂತರ. 'ಮನ್ವಾಂತರ' ಅಂತ ಯಾರೂ ತಪ್ಪಿಯೂ ಹೇಳಲ್ಲ. 'ಅತ್ಯಂತ'ವೂ ಅಷ್ಟೇ.

ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಪದ ಅ ಅಥವಾ ಆ ಕಾರದಲ್ಲಿ ಮುಗಿದರೆ ಬಾಲದಲ್ಲಿ ಹ್ರಸ್ವ ಇದ್ದರೂ ದೀರ್ಘ ಇದ್ದರೂ ಕೊನೆಗೆ ದೀರ್ಘವೇ. 'ಕಾರ್ಯಾಲಯ'ದ ಬಾಲ 'ಆಲಯ', 'ಜಿಲ್ಲಾಧಿಕಾರಿ'ಯ ಬಾಲ 'ಅಧಿಕಾರಿ'. ಬರಹದಲ್ಲಿ ಎರಡೂ ಒಂದೇ. ಅಂಥ ಕಡೆ ಬಾಲ ಎಳೆಯುವ ಅಗತ್ಯವೇ ಇಲ್ಲ.

ಸಂಸ್ಥೆಯೊಂದರ ಲೆಕ್ಕಪತ್ರ ನೋಡುವವರು, ಮಂಗಳೂರು

ನನ್ನದೂ ಇಂಥದ್ದೇ ಕತೆ. ದಾನಿಯೊಬ್ಬರಿಗೆ ಬರೆದ ಪತ್ರದ ಕೊನೆಯಲ್ಲಿ "ತಮಗೆ ನಮ್ಮ ಕೃತಘ್ನತೆಗಳು" ಅಂತ ಹೋಗಿಬಿಟ್ಟಿತ್ತು. ಅವರೇ ಫೋನ್ ಮಾಡಿ ನಗ್ತಾ, "ಉಪಕಾರ ಮರೆತಿದ್ದೀವಿ ಅಂತ ಮುಂಚೆಯೇ ಹೇಳಿಬಿಟ್ರಾ?" ಅಂತ ಕೇಳಿದರು. ಇದಕ್ಕೆ ಯಾವ ಸಂಧಿ ಹಚ್ಚಿ ನೋಡಬೇಕಿತ್ತು?

ಕರಡು ತಿದ್ದುವವರು

ಮೇಡಂ, ಅದು ಸಂಧಿಯ ತೊಂದರೆ ಅಲ್ಲ, ಎರಡೂ ಬೇರೆ ಬೇರೆ ಪದಗಳು. ಆದರೂ ಬಾಲ ನೋಡುವ ಅಭ್ಯಾಸ ಅಲ್ಲೂ ಕೆಲಸಕ್ಕೆ ಬರುತ್ತದೆ. 'ಕೃತಜ್ಞ'ದ 'ಜ್ಞ' ಅಂದರೆ ತಿಳಿದವನು, 'ಸರ್ವಜ್ಞ'ದಲ್ಲಿ ಇರುವುದೇ. 'ಘ್ನ' ಅಂದರೆ ಕೊಲ್ಲುವವನು, 'ಶತ್ರುಘ್ನ'ದಲ್ಲಿ ಇದೆಯಲ್ಲ.

ಮೂಲ ಪತ್ರದ 'ಹಿನ್ನಲೆ'ಯನ್ನು ಯಾರೂ ಕೇಳಲಿಲ್ಲ, ಹಿರಿಯರೂ ಬಿಟ್ಟಿದ್ದಾರೆ. ಅದು ಅಚ್ಚಕನ್ನಡ ಪದ, ಅದಕ್ಕೂ ಬಾಲ ಇದೆ. ಹಿಂದಿನ ನೆಲೆ 'ಹಿನ್ನೆಲೆ' ಆಗಿದೆ. ನೆಲೆ ಅಂದರೆ ಜಾಗ. 'ಹಿನ್ನಡೆ', 'ಮುನ್ನಡೆ' ಇವುಗಳ ಬಾಲ 'ನಡೆ', ಅಲ್ಲಿ ಎಕಾರ ಬೇಡ. ಜನ ಇವೆರಡನ್ನು ಅದಲು ಬದಲು ಮಾಡುತ್ತಾರೆ: ಇಲ್ಲಿ 'ಹಿನ್ನಲೆ' ಅನ್ನುತ್ತಾರೆ, ಅಲ್ಲಿ 'ಹಿನ್ನೆಡೆ' ಅನ್ನುತ್ತಾರೆ. 'ಮುನ್ನೆಚ್ಚರಿಕೆ'ಯಲ್ಲಿ ಎಕಾರ ಬರುವುದು 'ಎಚ್ಚರಿಕೆ'ಯಿಂದ.

ಇನ್ನೊಂದು, ಇದು ಕಾಗುಣಿತ ಅಲ್ಲ. 'ಅಂತರ' ಅಂದರೆ ಇಲ್ಲಿ 'ಬೇರೆಯದು' ಅಂತಲೇ ಅರ್ಥ. ಗತ್ಯಂತರ ಅಂದರೆ ಬೇರೆ ಗತಿ. ಮತ್ತೆ 'ಬೇರೆ ಗತ್ಯಂತರ' ಅಂದರೆ ಬೇರೆ ಬೇರೆ ಗತಿ ಆಯ್ತು! 'ಗತ್ಯಂತರವಿಲ್ಲದೆ' ಅಂದರೆ ಸಾಕು.

ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಕಂಪ್ಯೂಟರಿನಲ್ಲಿ ಹುಡುಕಬಹುದಲ್ಲ ಸರ್. ಪತ್ರವನ್ನು ಬರೀ ಪಠ್ಯದ ಕಡತವಾಗಿ ಉಳಿಸಿ ಹೀಗೆ ಕೊಟ್ಟರೆ ಯಕಾರದ ಒತ್ತಿಗೆ ದೀರ್ಘ ಸೇರಿದ ಪದಗಳೆಲ್ಲ ಸಾಲಾಗಿ ಬರುತ್ತವೆ:

```
grep -o '[^ ]*್ಯಾ[^ ]*' patra.txt
```

ಮೇಲಿನ ಪತ್ರದ ಭಾಗಕ್ಕೆ ಮಾಡಿ ನೋಡಿದೆ. ಇತ್ಯಾದಿ, ಅತ್ಯಾಧಿಕ, ಅತ್ಯಾವಶ್ಯಕವಾಗಿದ್ದು, ಗತ್ಯಾಂತರವಿಲ್ಲದೆ, ನಾಲ್ಕೂ ಸಿಕ್ಕವು. ಯಾವುದು ತಪ್ಪು ಅಂತ ಅದು ಹೇಳಲ್ಲ, ಬಾಲ ನಾವೇ ನೋಡಬೇಕು. ಉದ್ದ ಪತ್ರ ಆದರೆ ವಿದ್ಯಾರ್ಥಿ, ನ್ಯಾಯ, ವ್ಯಾಪ್ತಿ, ಬ್ಯಾಂಕ್ ಎಲ್ಲಾ ಬರುತ್ತವೆ. ಅವನ್ನು ಕಣ್ಣಲ್ಲೇ ದಾಟಿಸಬಹುದು. ಪತ್ರ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ನುಡಿ ಫಾಂಟಿನ ಕಡತದಲ್ಲಿ ಒಳಗಿರುವುದು ಬೇರೆ ಅಕ್ಷರಗಳು, ಒಂದೂ ಸಿಗಲ್ಲ. ಏನೂ ಸಿಗಲಿಲ್ಲ ಅಂದರೆ ತಪ್ಪಿಲ್ಲ ಅಂತ ಖುಷಿಪಡಬೇಡಿ, ಮೊದಲು ಫಾಂಟ್ ನೋಡಿ.

ಅಂತರ್ಜಾಲದಲ್ಲಿ ಎರಡೂ ರೂಪ ಹುಡುಕಿ ಯಾವುದು ಜಾಸ್ತಿ ಅಂತ ಎಣಿಸಬಹುದು ಅಂದುಕೊಂಡಿದ್ದೆ. 'ಕೋಟ್ಯಾಂತರ' ಬೇಕಾದಷ್ಟು ಕಡೆ ಸಿಕ್ಕಿತು. ನನ್ನ ಫೋನಿನ ಕೀಬೋರ್ಡ್ ಕೂಡ ಅದನ್ನೇ ಮುಂದಿಡುತ್ತೆ.

ಕೇಳಿದವರು

ತುಂಬಾ ಉಪಕಾರ. ಆದರೆ ನನ್ನ 'ಅತ್ಯಾವಶ್ಯಕ' ಹಾಗೇ ನಿಂತಿದೆ. ಬಾಲ ಎಳೆದೆ, 'ಅವಶ್ಯಕ' ಬಂತು. ಹ್ರಸ್ವ. ಹಾಗಾದರೆ ಹಾಸನದವರು ಹೇಳಿದ್ದೇ ಸರಿಯಲ್ಲವೇ? 'ಅನಾನುಕೂಲ'ದ ಕತೆ ಏನು? ಅದು ಹುಡುಕಾಟದಲ್ಲೂ ಸಿಗಲಿಲ್ಲ.

ಕರಡು ತಿದ್ದುವವರು

ಸಂಸ್ಕೃತದಲ್ಲಿ 'ಅವಶ್ಯ' ಅಂದರೆ ಖಂಡಿತವಾಗಿ. ಅದರಿಂದ ಆದದ್ದು 'ಆವಶ್ಯಕ', ಮೊದಲ ಅಕ್ಷರ ದೀರ್ಘ. ಅದಕ್ಕೇ 'ಅತ್ಯಾವಶ್ಯಕ' ಸರಿ. ಕನ್ನಡದಲ್ಲಿ ನಾವು 'ಅವಶ್ಯ'ದ ಗುಂಗಿನಲ್ಲಿ 'ಅವಶ್ಯಕ' ಅನ್ನುತ್ತಾ ಬಂದಿದ್ದೇವೆ. ತಮಾಷೆ ಅಂದರೆ 'ಅವಶ್ಯಕ' ಅಂತ ಬರೆಯುವವರೇ 'ಅನಾವಶ್ಯಕ' ಅಂತ ದೀರ್ಘ ಕೊಟ್ಟು ಬರೆಯುತ್ತಾರೆ. ಹಳೆಯ ಆಕಾರ ಅಲ್ಲಿ ಬಚ್ಚಿಟ್ಟುಕೊಂಡಿದೆ. ನಾನು 'ಆವಶ್ಯಕ' ಅಂತಲೇ ತಿದ್ದುತ್ತೇನೆ. ನೀವು 'ಅವಶ್ಯಕ' ಬರೆದರೆ ಜಗಳ ಆಡಲ್ಲ. ಆದರೆ ಒಂದೇ ಪತ್ರದಲ್ಲಿ ಒಂದು ಕಡೆ 'ಅವಶ್ಯಕ', ಇನ್ನೊಂದು ಕಡೆ 'ಅತ್ಯಾವಶ್ಯಕ' ಬೇಡ.

'ಅನಾನುಕೂಲ'ದಲ್ಲಿ ಯಕಾರ ಇಲ್ಲ, ಆ ಹುಡುಕಾಟಕ್ಕೆ ಸಿಗದು. ಅದನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು. ಸ್ವರದಿಂದ ಶುರುವಾಗುವ ಪದದ ಹಿಂದೆ 'ಅಲ್ಲ' ಅನ್ನುವುದಕ್ಕೆ 'ಅನ್' ಬರುತ್ತದೆ. ಅನ್, ಆರೋಗ್ಯ: ಅನಾರೋಗ್ಯ. ಬಾಲದಲ್ಲಿ ಆ ಇದೆ. ಅನ್, ಅನುಕೂಲ: ಅನನುಕೂಲ. 'ಅನನುಭವಿ' ಅಂತ ಸರಾಗವಾಗಿ ಹೇಳುತ್ತೇವೆ. 'ಅನನುಕೂಲ' ಮಾತ್ರ ನಾಲಿಗೆಗೆ ಭಾರ.

ಕನ್ನಡ ಮೇಷ್ಟ್ರು, ಧಾರವಾಡ

ನಿಮ್ಮ ಬಾಲದ ಲೆಕ್ಕ ಚೆನ್ನಾಗಿದೆರಿ, ತಕರಾರಿಲ್ಲ. ಆದರೆ ಒಂದು ಮಾತು. 'ಅನಾನುಕೂಲ' ಅಂತ ಇಡೀ ನಾಡು ಹೇಳುತ್ತದೆ, ಎಲ್ಲರಿಗೂ ತಿಳಿಯುತ್ತದೆ. 'ಅವಶ್ಯಕ'ಕ್ಕೆ ಬಾಗಿಲು ತೆಗೆದಿರಿ. ಇದಕ್ಕ್ಯಾಕೆ ತೆಗೆಯೋದಿಲ್ಲ? ಸಂಸ್ಕೃತದಿಂದ ಬಂದ ಪದ ನಮ್ಮ ಮನೆಗೆ ಬಂದ ಮೇಲೆ ನಮ್ಮ ನಾಲಿಗೆಯಂತೆ ಬಾಗಬೇಕಲ್ಲ? ಅಷ್ಟು ಅನುಮಾನ ಇದ್ದರೆ 'ತೊಂದರೆ' ಬರೀರಿ, 'ಬೇರೆ ದಾರಿಯಿಲ್ಲದೆ' ಬರೀರಿ, 'ಕೋಟಿಗಟ್ಟಲೆ' ಬರೀರಿ. ಆಗ ಬಾಲವೇ ಇರೋದಿಲ್ಲ ಎಳೆಯೋಕೆ.

ಕರಡು ತಿದ್ದುವವರು

ಮೇಷ್ಟ್ರೇ, 'ತೊಂದರೆ'ಗೆ ನನ್ನ ಓಟೂ ಇದೆ. 'ಅನಾನುಕೂಲ'ಕ್ಕೆ ಬಾಗಿಲು ತೆಗೆಯಲು ಮನಸ್ಸು ಬರುತ್ತಿಲ್ಲ. ಯಾಕೆ ಇದಕ್ಕೆ ಇಲ್ಲ, ಅದಕ್ಕೆ ಇದೆ ಅಂದರೆ ನನ್ನ ಹತ್ತಿರ ಗಟ್ಟಿ ಉತ್ತರವೂ ಇಲ್ಲ. ಕೈಗೆ ಅಭ್ಯಾಸವಾಗಿದೆ, ಅಷ್ಟೇ.

ಬ್ಯಾಂಕ್ ಉದ್ಯೋಗಿ

'ಆವಶ್ಯಕ' ಗೊತ್ತಿರಲಿಲ್ಲ. ಎರಡು ವರ್ಷದಿಂದ ನಮ್ಮ ಶಾಖೆಯ ಪತ್ರಗಳಲ್ಲಿ 'ಅತ್ಯವಶ್ಯಕ' ಅಂತ ನಾನೇ ತಿದ್ದಿಸುತ್ತಿದ್ದೇನೆ. ಇನ್ನು ಅವರಿಗೆ ಏನಂತ ಹೇಳಲಿ?

ಕೇಳಿದವರು

ಪತ್ರ ಮತ್ತೆ ಬರೆದೆ: "...ಇತ್ಯಾದಿ ಸೌಕರ್ಯಗಳಿಲ್ಲದೆ ನಿವಾಸಿಗಳಿಗೆ ಅನನುಕೂಲವಾಗಿದೆ. ಅತ್ಯಧಿಕ ಮಳೆಯಿಂದ ರಸ್ತೆಯೂ ಕಿತ್ತುಹೋಗಿದೆ. ಈ ಹಿನ್ನೆಲೆಯಲ್ಲಿ ದುರಸ್ತಿ ಅತ್ಯಾವಶ್ಯಕವಾಗಿದ್ದು, ಗತ್ಯಂತರವಿಲ್ಲದೆ..."

ಸಹಿಗೆ ಕೊಟ್ಟಾಗ ಸಂಘದ ಕಾರ್ಯದರ್ಶಿಗಳು 'ಅನನುಕೂಲ' ನೋಡಿ "ನ ಎರಡು ಸಲ ಬಿದ್ದಿದೆ, ಟೈಪಿಂಗ್ ತಪ್ಪು" ಅಂತ ಪೆನ್ನಿನಲ್ಲೇ 'ಅನಾನುಕೂಲ' ಮಾಡಿದರು. ಹಾಗೇ ಹೋಗಿದೆ. ಮುಂದಿನ ಸಲ ಮೇಷ್ಟ್ರು ಹೇಳಿದ ಹಾಗೆ 'ತೊಂದರೆ' ಬರೆಯುತ್ತೇನೆ.

ಇನ್ನೊಂದು ಪ್ರಶ್ನೆ ಉಳಿಯಿತು. ಉತ್ತರ ಬರದಿದ್ದರೆ ಮತ್ತೊಮ್ಮೆ ಪರಿಶೀಲಿಸಿ ಅಂತ ಬರೆಯಬೇಕು. 'ಪುನರಾರಂಭ' ಇರುವ ಹಾಗೆ 'ಪುನರ್‌ಪರಿಶೀಲನೆ' ಸರಿಯೋ, 'ಪುನಃಪರಿಶೀಲನೆ'ಯೋ? ಅಥವಾ 'ಮರುಪರಿಶೀಲನೆ' ಅಂದು ಸುಮ್ಮನಿರಲೋ?