ಸಹಾಯ ಬೇಕು: ಅಳವಡಿಸದ ಪಂಪುಗಳ ವೆಚ್ಚ ಮತ್ತು ಆದಾಯದ ಲೆಕ್ಕ

ಮಾನ್ಯರೇ, 60 ಕೋಟಿ ರೂಪಾಯಿಯ ನೀರೆತ್ತುವ ಸ್ಥಾವರದ ಗುತ್ತಿಗೆಯೊಂದಕ್ಕೆ ಇಂಡ್ ಎಎಸ್ 115ರಂತೆ ವೆಚ್ಚದ ಅನುಪಾತದಲ್ಲಿ ಆದಾಯವನ್ನು ಗುರುತಿಸುತ್ತಿದ್ದೇವೆ. ಒಟ್ಟು ಅಂದಾಜು ವೆಚ್ಚ 48 ಕೋಟಿ. ಮಾರ್ಚ್ 31ರವರೆಗೆ ಆಗಿರುವ 18 ಕೋಟಿಯಲ್ಲಿ 8 ಕೋಟಿ, ಹೊರಗಿನಿಂದ ಖರೀದಿಸಿ ಗ್ರಾಹಕರ ಸ್ವಾಧೀನಕ್ಕೆ ಒಪ್ಪಿಸಿದ, ಆದರೆ ಮುಂದಿನ ವರ್ಷವಷ್ಟೇ ಅಳವಡಿಸಲಿರುವ ಪಂಪುಗಳದ್ದು.

ನೇರ ಅನುಪಾತದಲ್ಲಿ 22.5 ಕೋಟಿ ಆದಾಯ ಬರುತ್ತದೆ. ಪಂಪುಗಳನ್ನು ಬದಿಗಿಟ್ಟರೆ ಪ್ರಗತಿ 40ರಲ್ಲಿ 10, ಅಂದರೆ ಶೇ. 25, ಆಗ ಉಳಿದ 52 ಕೋಟಿಯಲ್ಲಿ 13 ಕೋಟಿ, ಅದರೊಂದಿಗೆ ಪಂಪುಗಳಿಗೆ ಲಾಭವಿಲ್ಲದ 8 ಕೋಟಿ ಸೇರಿ 21 ಕೋಟಿ. ಕೆಲಸವೇ ಆಗದ ಭಾಗಕ್ಕೆ ಲಾಭ ತೋರಿಸದ ಈ ಎರಡನೆಯ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ. ಆರ್‌ಎ ಬಿಲ್ಲುಗಳ ಮೊತ್ತ 24 ಕೋಟಿ ಇರುವುದರಿಂದ, ಉಳಿಯುವ 3 ಕೋಟಿ ಕಾಂಟ್ರ್ಯಾಕ್ಟ್ ಲಯಬಿಲಿಟಿ ಆಗುತ್ತದೆ.

ಆದರೆ ಪಂಪುಗಳ ನಕ್ಷೆಗಳನ್ನು ನಮ್ಮ ಎಂಜಿನಿಯರುಗಳು ಪರಿಶೀಲಿಸಿ ಅನುಮೋದಿಸಿದ್ದಾರೆ. ಇಷ್ಟನ್ನೇ ವಿನ್ಯಾಸದಲ್ಲಿ ಗಣನೀಯವಾಗಿ ತೊಡಗಿದಂತೆ ಎಂದು ಭಾವಿಸಿ, ಲೆಕ್ಕಪರಿಶೋಧಕರು ಮೊದಲ ಕ್ರಮವನ್ನು ಕೇಳಬಹುದೇ? ಇಂಥ ಪ್ರಕರಣವನ್ನು ನಿರ್ವಹಿಸಿದವರು ಯಾವ ದಾಖಲೆಗಳನ್ನು ಮುಂದಿಟ್ಟಿರೆಂದು ದಯವಿಟ್ಟು ತಿಳಿಸಿ.