ರೆಸ್ಯೂಮೆಯಲ್ಲಿ "ರೋಆಸ್ 5.2" ಅಂತಿದೆ, ಇಷ್ಟಕ್ಕೇ ಕರೆಯಬಹುದಾ?

ಹೈರಿಂಗ್‌ಡೆಸ್ಕ್: ಪರ್ಫಾರ್ಮೆನ್ಸ್ ಮಾರ್ಕೆಟಿಂಗ್ ಮ್ಯಾನೇಜರ್ ಹುದ್ದೆಗೆ ನಾವು ಕೇಳಿದ್ದು ಮೂರು: ಹೊಸ ಗ್ರಾಹಕರನ್ನು ತರುವ ಖರ್ಚು ಇಳಿಸಿರಬೇಕು, ಸರ್ಚ್ ಮತ್ತು ಸೋಷಿಯಲ್ ಎರಡರಲ್ಲೂ ಕೈ ಪಳಗಿರಬೇಕು, ತಿಂಗಳಿಗೆ 15 ಲಕ್ಷದ ಬಜೆಟ್‌ನ ಹೊಣೆ ಹೊತ್ತಿರಬೇಕು. ಬಂದ ರೆಸ್ಯೂಮೆಯ ಸಾಲು: "2018ರಿಂದ 2020ರ ಮಾರ್ಚ್: ತಿಂಗಳಿಗೆ 18 ಲಕ್ಷ ಬಜೆಟ್ ನಿರ್ವಹಣೆ, ರೋಆಸ್ 3.1ರಿಂದ 5.2ಕ್ಕೆ. ಗೂಗಲ್ ಆಡ್ಸ್, ಮೆಟಾ ಆಡ್ಸ್, ಜಿಎ4." ಕರೆಯಬಹುದಾ?

ಕ್ಲಿಕ್‌ರಾಜ: ಕೇಳಿದ್ದು 15, ಇರೋದು 18. ಸರ್ಚ್ ಇದೆ, ಸೋಷಿಯಲ್ ಇದೆ, ರೋಆಸ್ ಏರಿದೆ. ಇನ್ನೇನು ಬೇಕು? ಕರೀರಿ.

ಲೆಕ್ಕದವ: ನೀವು ಕೇಳಿದ್ದು ಹೊಸ ಗ್ರಾಹಕರ ಖರ್ಚು, ಅವರು ಕೊಟ್ಟಿದ್ದು ರೋಆಸ್, ಅಂದರೆ ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಬಂದ ಮಾರಾಟ. ಹಳೆ ಗ್ರಾಹಕ ಮತ್ತೆ ಬಂದು ಕೊಂಡರೂ ರೋಆಸ್ ಏರುತ್ತದೆ. 18 ಲಕ್ಷಕ್ಕೆ 5.2 ಅಂದರೆ 93.6 ಲಕ್ಷ ಮಾರಾಟ. ಅದರಲ್ಲಿ 4 ಲಕ್ಷ ಕಂಪನಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದವರ ಮೇಲೆ ಹೋಗಿ, ಅಲ್ಲಿ ರೋಆಸ್ 12 ಬಂದಿದ್ದರೆ 48 ಲಕ್ಷ ಅಲ್ಲೇ ಮುಗಿಯಿತು. ಉಳಿದ 14 ಲಕ್ಷಕ್ಕೆ 45.6 ಲಕ್ಷ, ಅಂದರೆ 3.26. ಶುರುವಾದ 3.1ರ ಪಕ್ಕದಲ್ಲೇ! ಹೆಸರಿನ ಸರ್ಚ್ ಬಿಟ್ಟು ಎಷ್ಟಿತ್ತು ಅಂತ ಮೊದಲು ಕೇಳಿ.

ಕ್ಲಿಕ್‌ರಾಜ: "ಹೆಸರಿನ ಸರ್ಚ್" ಅಂದರೆ ಪುಕ್ಕಟೆ ಮಾರಾಟ ಅಂದ್ಕೊಂಡಿದ್ದೀರಾ? ನಾವು ಬಿಡ್ ಮಾಡದಿದ್ದರೆ ಪ್ರತಿಸ್ಪರ್ಧಿ ನಮ್ಮ ಹೆಸರಿನ ಮೇಲೇ ಬಿಡ್ ಮಾಡ್ತಾನೆ. ಅದೂ ಕೆಲಸಾನೇ.

ಕಡಕ್ ಓದುಗ: ರೋಆಸ್ ಬಿಡಿ, ಯಾರೂ ತಾರೀಖು ನೋಡಲಿಲ್ವಾ? ಗೂಗಲ್ ಅನಾಲಿಟಿಕ್ಸ್‌ನ ಹೊಸ ಆವೃತ್ತಿ ಜಿಎ4 ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಇವರು ಆ ಕೆಲಸ ಬಿಟ್ಟಿದ್ದು ಮಾರ್ಚ್‌ನಲ್ಲಿ. ನೇರ ಸುಳ್ಳು. ರೆಸ್ಯೂಮೆ ಪಕ್ಕಕ್ಕಿಡಿ.

ಕ್ಲಿಕ್‌ರಾಜ: ಹಾಗಾದ್ರೆ ಮೆಟಾ ಆಡ್ಸ್ ಕೂಡ ಸುಳ್ಳು! ಫೇಸ್‌ಬುಕ್ ಕಂಪನಿ ಮೆಟಾ ಆಗಿದ್ದು 2021ರ ಅಕ್ಟೋಬರ್. ಹೆಸರು ಬದಲಾದಾಗ ಎಲ್ಲರೂ ರೆಸ್ಯೂಮೆ ತಿದ್ದುತ್ತಾರೆ ಸ್ವಾಮಿ.

ಕಡಕ್ ಓದುಗ: ಹೆಸರು ಬದಲಾಗೋದು ಬೇರೆ, ಸಾಧನವೇ ಬದಲಾಗೋದು ಬೇರೆ. ಫೇಸ್‌ಬುಕ್ ಆಡ್ಸ್ ಬಲ್ಲವನಿಗೆ ಮೆಟಾ ಆಡ್ಸ್ ಬರುತ್ತೆ. ಹಳೆ ಅನಾಲಿಟಿಕ್ಸ್ ಸೆಷನ್ ಲೆಕ್ಕದ್ದು, ಜಿಎ4 ಪೂರ್ತಿ ಈವೆಂಟ್ ಲೆಕ್ಕದ್ದು. ಹಳೆಯದು ಗೊತ್ತು ಅಂದಮಾತ್ರಕ್ಕೆ ಹೊಸದರಲ್ಲಿ ಕನ್ವರ್ಷನ್ ಸೆಟ್ ಮಾಡಲು ಬರಲ್ಲ.

ಹೊಸದಾರಿ: ನನ್ನದು ಇಮೇಲ್ ಕೆಲಸ, ರೋಆಸ್ ಇಲ್ಲವೇ ಇಲ್ಲ. ಓಪನ್ ರೇಟ್ 42% ಅಂತ ಹಾಕಿದ್ರೆ ನಡೆಯುತ್ತಾ?

ಲೆಕ್ಕದವ: @ಹೊಸದಾರಿ ಬೇಡ. 2021ರಿಂದ ಆಪಲ್ ಮೇಲ್‌ನ ಪ್ರೈವಸಿ ಆನ್ ಮಾಡಿಕೊಂಡವರ ಮೇಲ್‌ಗಳು ಓದದಿದ್ದರೂ ಓಪನ್ ಅಂತ ಎಣಿಕೆಯಾಗುತ್ತವೆ. ಕ್ಲಿಕ್ ಮತ್ತು ಅದರಿಂದ ಬಂದ ಆರ್ಡರ್ ಬರೆಯಿರಿ. @ಕಡಕ್ ಓದುಗ, 2019ರ ಜುಲೈನಲ್ಲೇ "ಆ್ಯಪ್ + ವೆಬ್" ಬೀಟಾ ಇತ್ತು, ಅದಕ್ಕೇ ಮುಂದೆ ಜಿಎ4 ಅಂತ ಹೆಸರಿಟ್ಟರು. ಆ ಬೀಟಾ ಬಳಸಿರಬಹುದು.

ಕಡಕ್ ಓದುಗ: "ಬಳಸಿರಬಹುದು" ಅಂತ ನೀವು ಅವರ ಪರವಾಗಿ ಯಾಕೆ ಊಹೆ ಮಾಡ್ತೀರಿ? ಬೀಟಾ ಬಳಸಿದ್ದರೆ ಬೀಟಾ ಅಂತ ಬರೀಬೇಕಿತ್ತು.

ಕ್ಲಿಕ್‌ರಾಜ: ಬಜೆಟ್ ಹೊಣೆ ಗೊತ್ತಾಗಬೇಕಾ? ಗೂಗಲ್ ಆಡ್ಸ್‌ನಲ್ಲಿ ದಿನಕ್ಕೆ 60,000 ಇಟ್ಟರೆ ಒಂದೇ ದಿನ 1,20,000 ಯಾಕೆ ಹೋಯ್ತು ಅಂತ ಕೇಳಿ. ದಿನಕ್ಕೆ ದುಪ್ಪಟ್ಟು ಹೋಗಬಹುದು, ತಿಂಗಳಿಗೆ 30.4 ಪಟ್ಟು ಮೀರಲ್ಲ, ಅಂದ್ರೆ 18.24 ಲಕ್ಷ. ಇದು ಹೇಳಿದವನು ಬಜೆಟ್ ಹೊತ್ತವನೇ.

ಲೆಕ್ಕದವ: ಅದು ಅಕೌಂಟ್ ಓಡಿಸಿದವರಿಗೆಲ್ಲ ಗೊತ್ತಿರುತ್ತದೆ. ಇನ್ನೊಬ್ಬರು ಹೇಳಿದ ಅಂಕಿ ಹಾಕಿ ಸೇವ್ ಒತ್ತಿದವರೂ "ನಿರ್ವಹಣೆ" ಅಂತಲೇ ಬರೆಯುತ್ತಾರೆ. ಹೀಗೆ ಕೇಳಿ: ತಿಂಗಳ ಮಧ್ಯೆ ಸೋಷಿಯಲ್‌ನಿಂದ ಸರ್ಚ್‌ಗೆ 2 ಲಕ್ಷ ತಿರುಗಿಸಬೇಕಾದಾಗ ಯಾರ ಒಪ್ಪಿಗೆ ಬೇಕಿತ್ತು? ಬಜೆಟ್ ಮೀರಿದ ತಿಂಗಳು ಹಣಕಾಸಿನವರಿಗೆ ಯಾರು ಉತ್ತರ ಕೊಟ್ಟರು? ಹೊಣೆ ಹೊತ್ತವರು ಯಾವ ತಿಂಗಳು, ಎಷ್ಟು, ಯಾಕೆ ಅಂತ ಹೇಳುತ್ತಾರೆ. ಉಳಿದವರು "ಟೀಮ್ ಸೇರಿ ಮಾಡಿದ್ವಿ" ಅನ್ನುತ್ತಾರೆ.

ಹೈರಿಂಗ್‌ಡೆಸ್ಕ್: ಸರಿ, ಹತ್ತು ನಿಮಿಷದ ಫೋನ್ ಕಾಲ್ ಇಡ್ತೀನಿ. ಹೆಸರಿನ ಸರ್ಚ್ ಬಿಟ್ಟು ಬಂದ ಲೆಕ್ಕ, ಆಮೇಲೆ ಆ 2 ಲಕ್ಷದ ಪ್ರಶ್ನೆ.

ಕಡಕ್ ಓದುಗ: ಜಿಎ4 ಪ್ರಶ್ನೆ ಬಿಟ್ಟಿರಲ್ಲ?

ಕ್ಲಿಕ್‌ರಾಜ: ಕೇಳಿ ಬಿಡಿ, ಜೊತೆಗೆ ಮೆಟಾ ಯಾವತ್ತು ಹುಟ್ಟಿತು ಅಂತಾನೂ ಕೇಳಿ.