ಪದಚರ್ಚೆ: ‘ಡಬಲ್ ಡಿಸೋಸಿಯೇಷನ್’ – ಇಮ್ಮಡಿಯೋ, ಅದಲುಬದಲೋ?

ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನೆನಪಿನ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ: ಡಬಲ್ ಡಿಸೋಸಿಯೇಷನ್. ಮಿದುಳಿಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸುವ ನ್ಯೂರೋಸೈಕಾಲಜಿಯವರು ಬಳಸುವ ಮಾತಿದು. ಎಚ್.ಎಂ. ಮತ್ತು ಕೆ.ಎಫ್. ಎಂಬ ಇಬ್ಬರು ರೋಗಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಡಬಲ್ ಡಿಸೋಸಿಯೇಷನ್ ಕಾಣುತ್ತದಂತೆ. ಹಾಗಾಗಿ ಈಗಷ್ಟೇ ಕೇಳಿದ್ದನ್ನು ಹಿಡಿದಿಡುವ ನೆನಪು ಬೇರೆ, ಬಹುಕಾಲ ಉಳಿಯುವ ನೆನಪು ಬೇರೆ ಎನ್ನುತ್ತದೆ ಬರಹ.

ನಾನು ‘ಇಮ್ಮಡಿ ವಿಘಟನೆ’ ಎಂದು ಬರೆದೆ. ಓದಿದ ಮಗಳು, “ಇಮ್ಮಡಿ ಪುಲಕೇಶಿ ಗೊತ್ತು, ಇದ್ಯಾವ ರಾಜ?” ಅಂದಳು. ಬೇರೆ ಪದ ಇದ್ದರೆ ತಿಳಿಸಿ. ಇನ್ನೊಂದು ಅನುಮಾನವೂ ಇದೆ. ಇಬ್ಬರನ್ನು ನೋಡಿ ಎಲ್ಲರ ಮನಸ್ಸಿನ ಬಗ್ಗೆ ಹೇಳಬಹುದಾ? ಮೂಲದಲ್ಲಿರುವ ಕ್ರಿಯಾಪದವನ್ನು ‘ಸಾಬೀತು ಮಾಡುತ್ತದೆ’ ಎನ್ನಲೋ, ‘ಸೂಚಿಸುತ್ತದೆ’ ಎನ್ನಲೋ ತಿಳಿಯುತ್ತಿಲ್ಲ.

ಕಾಲೇಜು ಕನ್ನಡ ಮೇಷ್ಟ್ರು, ಹಾಸನ

ಮೇಡಂ, ಇದು ಒಬ್ಬನೇ ಮನುಷ್ಯ ಇಬ್ಬರಂತೆ ನಡೆದುಕೊಳ್ಳುವ ಕಾಯಿಲೆ ಅಲ್ವಾ? ಸಿನಿಮಾಗಳಲ್ಲಿ ಬರುತ್ತದಲ್ಲ. ‘ಒಡೆದ ವ್ಯಕ್ತಿತ್ವ’ ಎಂದರೆ ಓದುಗರಿಗೆ ತಕ್ಷಣ ತಿಳಿಯುತ್ತದೆ.

ನಿವೃತ್ತ ವಾಕ್ ಚಿಕಿತ್ಸಕ, ಬೆಂಗಳೂರು

ಮೇಷ್ಟ್ರೇ, ಅದು ಮನೋವೈದ್ಯರ ಡಿಸೋಸಿಯೇಷನ್. ಹೆಸರು ಒಂದೇ, ಮನೆ ಬೇರೆ. ಇಲ್ಲಿ ಯಾರೂ ಒಡೆದಿಲ್ಲ, ರೋಗಿಯೊಳಗೆ ಏನೋ ವಿಘಟನೆ ಆಯಿತು ಎಂದೂ ಅಲ್ಲ. ಪರೀಕ್ಷೆಯ ಎರಡು ಅಂಕಗಳು ಜೊತೆ ಬಿಟ್ಟವು ಎಂದಷ್ಟೇ ಅರ್ಥ. ಒಂದು ಕೆಲಸ ಕೆಟ್ಟಿದೆ, ಇನ್ನೊಂದು ನೆಟ್ಟಗಿದೆ. ಹಾಗಾಗಿ ‘ಬೇರ್ಪಾಟು’ ಸಾಕು ಎನ್ನುತ್ತೇನೆ.

ಇನ್ನು ಡಬಲ್. 1955ರಲ್ಲಿ ಹಾನ್ಸ್ ಲೂಕಸ್ ಟ್ಯೂಬರ್ ಈ ಮಾತನ್ನು ಬಳಕೆಗೆ ತಂದರು. ಅದು ‘ಎರಡು ಪಟ್ಟು’ ಅಲ್ಲ. ಎರಡು ಬೇರ್ಪಾಟುಗಳು ಎದುರುಬದುರು ನಿಲ್ಲಬೇಕು. ನಿಮ್ಮ ಇಬ್ಬರು ರೋಗಿಗಳನ್ನೇ ನೋಡಿ.

ಎಚ್.ಎಂ. ಅಮೆರಿಕದವರು. ಮೂರ್ಛೆರೋಗ ತಡೆಯಲು 1953ರಲ್ಲಿ, 27ನೇ ವಯಸ್ಸಿನಲ್ಲಿ, ಅವರ ಮಿದುಳಿನ ಎರಡೂ ಕಡೆ ಕಣತಲೆಯ ಹಿಂದಿರುವ ಹಾಲೆಗಳ ಒಳಭಾಗವನ್ನು ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ತೆಗೆದರು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಆದರೆ ಒಂದು ಸಾಲು ಅಂಕಿ ಓದಿ ಹೇಳಿದರೆ ನಿಮ್ಮ ನನ್ನ ಹಾಗೆಯೇ ಥಟ್ಟನೆ ತಿರುಗಿ ಹೇಳುತ್ತಿದ್ದರು. ಅವರನ್ನು ವರ್ಷಗಟ್ಟಲೆ ನೋಡಿದ ಬ್ರೆಂಡಾ ಮಿಲ್ನರ್ ಒಮ್ಮೆ 584 ಎಂಬ ಸಂಖ್ಯೆ ಕೊಟ್ಟು ನೆನಪಿಡಲು ಹೇಳಿದರು. ಎಚ್.ಎಂ. ಕೂಡುತ್ತಾ ಕಳೆಯುತ್ತಾ, ಮನಸ್ಸಿನಲ್ಲೇ ಒಂದು ಲೆಕ್ಕ ಕಟ್ಟಿಕೊಂಡು ಅದನ್ನು ಹಿಡಿದಿಟ್ಟುಕೊಂಡರು. ಗಮನ ಬೇರೆ ಕಡೆ ಹೋದದ್ದೇ ತಡ, ಸಂಖ್ಯೆಯೂ ಹೋಯಿತು, ಸಂಖ್ಯೆ ಕೊಟ್ಟಿದ್ದರು ಎಂಬುದೂ ಹೋಯಿತು.

ಕೆ.ಎಫ್. ಇಂಗ್ಲೆಂಡಿನವರು. ಮೋಟಾರ್ ಸೈಕಲ್ ಅಪಘಾತದಲ್ಲಿ ಮಿದುಳಿನ ಎಡಭಾಗಕ್ಕೆ ಏಟು ಬಿದ್ದಿತ್ತು. ಎಲಿಜಬೆತ್ ವಾರಿಂಗ್‌ಟನ್ ಮತ್ತು ಟಿಮ್ ಶಾಲಿಸ್ 1969 ಮತ್ತು 1970ರಲ್ಲಿ ಇವರ ಬಗ್ಗೆ ಬರೆದರು. ಇವರದು ತಿರುಗುಮುರುಗು. ಕಿವಿಗೆ ಬಿದ್ದ ಅಂಕಿಗಳು ಎರಡು ದಾಟಿದರೆ ಕೈಕೊಡುತ್ತಿದ್ದವು. ಆದರೆ ಪದಗಳ ಪಟ್ಟಿಯನ್ನು ಮತ್ತೆ ಮತ್ತೆ ಕೇಳಿಸಿದರೆ ಉಳಿದವರಂತೆಯೇ ಕಲಿಯುತ್ತಿದ್ದರು.

ಒಬ್ಬರಲ್ಲಿ ಕೆಟ್ಟದ್ದು ಇನ್ನೊಬ್ಬರಲ್ಲಿ ಉಳಿದಿದೆ, ಉಳಿದದ್ದು ಕೆಟ್ಟಿದೆ. ‘ಅದಲುಬದಲು ಬೇರ್ಪಾಟು’ ಎಂದರೆ ಹೇಗೆ?

ಗೃಹಿಣಿ, ಸಾಗರ

ಸರ್, ನಮ್ಮ ಮಾವನವರಿಗೆ ಪಾರ್ಶ್ವವಾಯು ಆದ ಮೇಲೆ ಮಾತು ನಿಂತುಹೋಯಿತು. ನೀರು ಬೇಕು ಅನ್ನಲೂ ಆಗುವುದಿಲ್ಲ. ಆದರೆ ಸಂಜೆ ದೀಪ ಹಚ್ಚಿ ನಾನು ದೇವರನಾಮ ಶುರು ಮಾಡಿದರೆ ಪದಗಳ ಸಮೇತ ಜೊತೆಗೆ ಹಾಡುತ್ತಾರೆ. ಡಾಕ್ಟರಿಗೆ ಹೇಳಿದರೆ ಸುಮ್ನೆ ತಲೆಯಾಡಿಸಿದರು. ಇದೂ ನೀವು ಹೇಳುವ ಡಬಲ್ ತಾನೇ? ಮಾತು ಬೇರೆ, ಹಾಡು ಬೇರೆ ಅಂತ ಆಯಿತಲ್ಲ.

ನಿವೃತ್ತ ವಾಕ್ ಚಿಕಿತ್ಸಕ, ಬೆಂಗಳೂರು

ಅಮ್ಮ, ನೀವು ಕಂಡದ್ದು ನಿಜವಾದದ್ದೇ. ನಾನೂ ಇಂಥವರನ್ನು ಬಹಳ ನೋಡಿದ್ದೇನೆ. ಆದರೆ ಅದು ಅರ್ಧ ಮಾತ್ರ, ಒಂದೇ ಕಡೆಯ ಬೇರ್ಪಾಟು. ಮಾತೇ ಹಾಡಿಗಿಂತ ಕಷ್ಟದ ಕೆಲಸ ಎಂದು ಯಾರಾದರೂ ವಾದಿಸಬಹುದು. ದೇವರನಾಮದಲ್ಲಿ ಮುಂದಿನ ಪದ ಯಾವುದು ಎಂದು ಹುಡುಕಬೇಕಾಗಿಲ್ಲ. ರಾಗ ಎಳೆದುಕೊಂಡು ಹೋಗುತ್ತದೆ, ನಿಮ್ಮ ದನಿಯೂ ಜೊತೆಗಿದೆ. ಮಾತಿಗೆ ಇದ್ಯಾವುದೂ ಇಲ್ಲ. ಬಾವಿಯಲ್ಲಿ ನೀರು ಇಳಿದರೆ ಮೊದಲು ಮೇಲಿನ ಮೆಟ್ಟಿಲು ಒಣಗುತ್ತದೆ. ಹಾಗೆಂದು ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ಬೇರೆ ಬೇರೆ ಬಾವಿ ಇದೆ ಎನ್ನಲಾಗದು. ಒಂದೇ ಶಕ್ತಿ ಕಡಿಮೆಯಾದಾಗ ಕಷ್ಟದ್ದು ಮೊದಲು ಬೀಳುತ್ತದೆ, ಅಷ್ಟೇ.

ಮಾತು ಸಲೀಸಾಗಿದ್ದು, ಮೊದಲು ಬರುತ್ತಿದ್ದ ಹಾಡು ಮಾತ್ರ ಹೋಗಿರುವ ಇನ್ನೊಬ್ಬರು ಸಿಕ್ಕರೆ ಈ ಬಾವಿಯ ವಾದ ಬಿದ್ದುಹೋಗುತ್ತದೆ. ಹಾಡು ಸುಲಭವಾದರೆ ಅವರಲ್ಲಿ ಮೊದಲು ಮಾತೇ ಹೋಗಬೇಕಿತ್ತಲ್ಲ? ಎರಡನೆಯ ರೋಗಿ ಬೇಕಾಗುವುದು ಇದಕ್ಕೆ. ಎಣಿಕೆ ಹೆಚ್ಚಿಸಲು ಅಲ್ಲ.

ಮಾವನವರಿಗೆ ಹಾಡಿಸುತ್ತಿರಿ. ಅದಕ್ಕೆ ಯಾವ ವಾದವೂ ಬೇಡ.

ಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಧಾರವಾಡ

ಪದ ಏನಾದರೂ ಇರಲಿ, ವಾದವೇ ಒಪ್ಪಿಗೆಯಾಗುತ್ತಿಲ್ಲ. ಒಬ್ಬ ರೋಗಿ ಅಂದರೆ ಒಂದು ಕಥೆ, ಇಬ್ಬರು ಅಂದರೆ ಎರಡು ಕಥೆ. ಕನಿಷ್ಠ ಮೂವತ್ತು ಜನರ ಸರಾಸರಿ ತೆಗೆಯದೆ ‘ಮನಸ್ಸು ಹೀಗಿದೆ’ ಎಂದು ಹೇಗೆ ಹೇಳುತ್ತೀರಿ? ಅನುವಾದದಲ್ಲಿ ‘ಸೂಚಿಸಬಹುದೇನೋ’ ಎಂದು ಹಾಕಿ.

ನಿವೃತ್ತ ವಾಕ್ ಚಿಕಿತ್ಸಕ, ಬೆಂಗಳೂರು

ಸರ್, ಎಷ್ಟು ಜನ ಬೇಕು ಎಂಬುದು ನೀವು ಹೇಳಹೊರಟ ಮಾತಿನ ಮೇಲೆ ನಿಂತಿದೆ. ‘ಪಾರ್ಶ್ವವಾಯು ಆದವರಲ್ಲಿ ಎಷ್ಟು ಮಂದಿಗೆ ಹೀಗಾಗುತ್ತದೆ’ ಎಂದು ಕೇಳಿದರೆ ಮೂವತ್ತಲ್ಲ, ಮುನ್ನೂರು ಬೇಕು. ಆದರೆ ಆಗ ಇದ್ದ ಮಾತು ಬೇರೆ ಥರದ್ದು. 1968ರಲ್ಲಿ ಅಟ್ಕಿನ್ಸನ್ ಮತ್ತು ಶಿಫ್ರಿನ್ ಎಂಬ ಮನಶ್ಶಾಸ್ತ್ರಜ್ಞರು ಕೊಟ್ಟ ನೆನಪಿನ ಚಿತ್ರದಲ್ಲಿ ಬಹುಕಾಲದ ನೆನಪಿಗೆ ಹೋಗುವ ದಾರಿ ಮೊದಲು ಆ ಸಣ್ಣ, ಕ್ಷಣದ ನೆನಪನ್ನು ಹಾದುಹೋಗುತ್ತದೆ. ಅದು ಹಾಗೇ ನಿಜವಾಗಿದ್ದರೆ ಬಾಗಿಲು ತೆರೆಯದ ಮನೆಯೊಳಗೆ ಸಾಮಾನು ಸೇರಬಾರದು. ಕೆ.ಎಫ್. ಬಾಗಿಲು ತೆರೆಯುತ್ತಿರಲಿಲ್ಲ, ಸಾಮಾನು ಒಳಗೆ ಹೋಗುತ್ತಲೇ ಇತ್ತು. ‘ಇದಿಲ್ಲದೆ ಅದು ಆಗುವುದೇ ಇಲ್ಲ’ ಎಂಬ ಮಾತನ್ನು ಬೀಳಿಸಲು ಚೆನ್ನಾಗಿ ಪರೀಕ್ಷಿಸಿದ ಒಬ್ಬರು ಸಾಕು.

ಸರಾಸರಿಯೇ ಮೋಸ ಮಾಡುವುದೂ ಉಂಟು. ಎಚ್.ಎಂ. ಥರದ ಐವರು, ಕೆ.ಎಫ್. ಥರದ ಐವರು ನಿಮ್ಮ ಗುಂಪಿನಲ್ಲಿದ್ದಾರೆ ಎಂದುಕೊಳ್ಳಿ. ಸರಾಸರಿ ತೆಗೆದರೆ ಎರಡೂ ನೆನಪು ಅರ್ಧರ್ಧ ಕೆಟ್ಟ ಒಬ್ಬ ಮನುಷ್ಯ ಬರುತ್ತಾನೆ. ಆ ಹತ್ತು ಜನರಲ್ಲಿ ಅವನು ಎಲ್ಲೂ ಇಲ್ಲ. 1986ರಲ್ಲಿ ಅಲ್ಫೊನ್ಸೊ ಕರಮಾಜ್ಜ ಇದೇ ವಾದವನ್ನು ಕೊನೆಯವರೆಗೂ ಎಳೆದು, ಈ ಬಗೆಯ ಪ್ರಶ್ನೆಗೆ ರೋಗಿಗಳನ್ನು ಒಬ್ಬೊಬ್ಬರಾಗಿಯೇ ನೋಡಬೇಕು ಎಂದರು. ಅಷ್ಟು ದೂರ ನಾನು ಹೋಗುವುದಿಲ್ಲ.

ಒಬ್ಬರೇ ಆದರೂ ಲೆಕ್ಕ ಇದೆ ಸರ್. ಸುಮ್ನೆ ಒಂದು ಉದಾಹರಣೆ. ಆರೋಗ್ಯವಾಗಿರುವ 10 ಜನ ಸರಾಸರಿ 7 ಅಂಕಿ ತಿರುಗಿ ಹೇಳುತ್ತಾರೆ, ಚದುರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 1 ಎಂದಿಟ್ಟುಕೊಳ್ಳಿ. ರೋಗಿ 2 ಹೇಳಿದರು. ಕ್ರಾಫರ್ಡ್ ಮತ್ತು ಹೊವೆಲ್ 1998ರಲ್ಲಿ ಹೇಳಿದ ಸೂತ್ರ:

```
t = (2 - 7) / (1 × √(11/10)) = -4.77
```

ರೋಗಿಗೆ ನಿಜಕ್ಕೂ ಕೆಟ್ಟಿದೆ ಎನ್ನಲು, ಹತ್ತೇ ಜನರ ಹೋಲಿಕೆಗೆ −1.83 ದಾಟಿದರೆ ಸಾಕಿತ್ತು, ಇದು ಎಷ್ಟೋ ಆಚೆ ಹೋಯಿತು. ಅದೇ ರೋಗಿ 5.5 ಹೇಳಿದ್ದರೆ −1.43 ಬರುತ್ತಿತ್ತು, ಆಗ ಬಾಯಿ ಮುಚ್ಚಿಕೊಂಡಿರಬೇಕು. ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ‘ಒಂದು ಪರೀಕ್ಷೆಯಲ್ಲಿ ಗೆರೆ ದಾಟಿದೆ, ಇನ್ನೊಂದರಲ್ಲಿ ದಾಟಿಲ್ಲ, ಆದ್ದರಿಂದ ಬೇರ್ಪಾಟು’ ಎಂದುಬಿಡುತ್ತಾರೆ. ಒಂದರಲ್ಲಿ −1.9, ಇನ್ನೊಂದರಲ್ಲಿ −1.7 ಬಂದರೂ ಹಾಗೆನ್ನಬಹುದು, ಆದರೆ ಅಲ್ಲಿ ಏನೂ ಬೇರ್ಪಟ್ಟಿಲ್ಲ. ಎರಡು ಅಂಕಗಳ ನಡುವಿನ ಅಂತರವನ್ನೇ ಬೇರೆಯಾಗಿ ಪರೀಕ್ಷಿಸಬೇಕು.

ಸ್ಟ್ಯಾಟಿಸ್ಟಿಕ್ಸ್ ಕಲಿಸುವವರು, ಧಾರವಾಡ

ಲೆಕ್ಕ ಒಪ್ಪಿದೆ. ಆದರೆ ಕೆ.ಎಫ್. ಮಿದುಳು ಅಪಘಾತಕ್ಕೆ ಮೊದಲೇ ನಮ್ಮಂತಿತ್ತು ಎಂದು ನಿಮಗೆ ಹೇಳಿದವರು ಯಾರು?

ಸಾಫ್ಟ್‌ವೇರ್ ಕೆಲಸ, ಪುಣೆ

ನಾನೂ ಒಂದು ತಕರಾರು ಸೇರಿಸುತ್ತೇನೆ. 1995ರಲ್ಲಿ ಡೇವಿಡ್ ಪ್ಲಾಟ್ ಕಂಪ್ಯೂಟರಿನಲ್ಲಿ ಪದ ಓದುವ ಕೃತಕ ನರಜಾಲ ಕಟ್ಟಿ, ಅದನ್ನು ಬೇರೆ ಬೇರೆ ಕಡೆ ಕೆಡಿಸಿ ನೋಡಿದರು. ಒಮ್ಮೆ ‘ಮೇಜು’ ಥರದ ಕಣ್ಣಿಗೆ ಕಾಣುವ ವಸ್ತುಗಳ ಹೆಸರು ಹೆಚ್ಚು ಕೆಟ್ಟಿತು, ಒಮ್ಮೆ ‘ನ್ಯಾಯ’ ಥರದವು. ಪೂರ್ತಿ ಅದಲುಬದಲು! ಆದರೆ ಆ ಜಾಲದಲ್ಲಿ ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ ಇರಲೇ ಇಲ್ಲ. ಹಾಗಾದರೆ ‘ಸಾಬೀತು’ ಎಲ್ಲಿ ಉಳಿಯಿತು?

ನಿವೃತ್ತ ವಾಕ್ ಚಿಕಿತ್ಸಕ, ಬೆಂಗಳೂರು

ಇಬ್ಬರೂ ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಧಾರವಾಡದವರ ಪ್ರಶ್ನೆಗೆ ನೇರ ಉತ್ತರ ಇಲ್ಲ, ಅದು ನಂಬಿಕೊಂಡು ಹೊರಡುವ ಮಾತು. ಅದೇ ಥರದ ಇನ್ನೊಬ್ಬರು ಬೇರೆ ಊರಿನಲ್ಲಿ ಸಿಕ್ಕರೆ ನಂಬಿಕೆ ಗಟ್ಟಿಯಾಗುತ್ತದೆ. ಇಟಲಿಯಲ್ಲಿ ಪಿ.ವಿ. ಎಂಬ ಹೆಂಗಸು ಹಾಗೆ ಸಿಕ್ಕರು. ಅವರು ತಮ್ಮ ಭಾಷೆಯ ಪದಗಳ ಜೋಡಿಗಳನ್ನು ಸಲೀಸಾಗಿ ಕಲಿತರು. ಆದರೆ 1988ರಲ್ಲಿ ಬ್ಯಾಡ್ಲಿ, ಪಪಾನ್ಯೊ, ವಲ್ಲಾರ್ ಎಂಬ ಸಂಶೋಧಕರು ಪಿ.ವಿ.ಗೆ ಗೊತ್ತಿಲ್ಲದ ರಷ್ಯನ್ ಪದಗಳನ್ನು ಕೇಳಿಸಿ ಕಲಿಸಲು ಹೋದರೆ ಆಗಲಿಲ್ಲ. ಅಂದರೆ ಕ್ಷಣದ ನೆನಪಿಗೂ ಕಲಿಕೆಗೂ ಸಂಬಂಧವೇ ಇಲ್ಲ ಎಂದಲ್ಲ. ಅರ್ಥ ಗೊತ್ತಿರುವ ಪದಕ್ಕೆ ಬೇರೆ ದಾರಿ ಇದೆ, ಬರೀ ಸದ್ದಾಗಿ ಬಂದದ್ದಕ್ಕೆ ಆ ಬಾಗಿಲೇ ಬೇಕು.

ಕೆ.ಎಫ್. ವಿಚಾರದಲ್ಲೂ ಹೀಗೇ ತಿದ್ದುಪಡಿ ಬಂತು. ಅಂಕಿಗಳನ್ನು ಕೇಳಿಸುವ ಬದಲು ಬರೆದು ತೋರಿಸಿದಾಗ ಅವರು ವಾಸಿಯಾಗಿದ್ದರು. ಕೆಟ್ಟದ್ದು ಕ್ಷಣದ ನೆನಪು ಪೂರ್ತಿ ಅಲ್ಲ, ಕಿವಿಯಿಂದ ಬಂದ ಮಾತನ್ನು ಹಿಡಿಯುವ ಭಾಗ ಮಾತ್ರ. ಹಾಗಾಗಿ ಮೇಡಂ, ನಿಮ್ಮ ಮೂಲದ ‘ಎರಡೂ ಬೇರೆ ಬೇರೆ’ ಎಂಬ ಮಾತೇ ಸ್ವಲ್ಪ ಒರಟಾಯಿತು.

ಪುಣೆಯವರೇ, ಆ ಜಾಲದಲ್ಲೂ ಎರಡು ಪರಿಣಾಮ ಬಂದದ್ದು ಎರಡು ಬೇರೆ ಜಾಗ ಕೆಡಿಸಿದ್ದರಿಂದ ತಾನೇ? ಒಳಗೆ ಏನೋ ಎರಡು ಬಗೆ ಇತ್ತು. ಅದು ನಾವಿಟ್ಟ ಹೆಸರಿನ ಎರಡು ಪೆಟ್ಟಿಗೆ ಆಗಿರಲಿಲ್ಲ, ಅಷ್ಟೇ. ‘ಸಾಬೀತು’ ಬೇಡ. ‘ಸೂಚಿಸಬಹುದೇನೋ’ ಕೂಡ ಬೇಡ, ಅದು ಹೆದರಿಕೆಯ ಮಾತು. ‘ಇದಕ್ಕೆ ಬಲವಾದ ಆಧಾರ’ ಎನ್ನಿ.

ಸಾಫ್ಟ್‌ವೇರ್ ಕೆಲಸ, ಪುಣೆ

‘ಬಲವಾದ’ ನಿಮ್ಮದು, ‘ಆಧಾರ’ದವರೆಗೆ ನನ್ನ ಒಪ್ಪಿಗೆ.

ಅನುವಾದಕಿ, ಮೈಸೂರು

ಎಲ್ಲರಿಗೂ ವಂದನೆ. ಇಮ್ಮಡಿ ಹೋಯಿತು, ವಿಘಟನೆಯೂ ಹೋಯಿತು. ಸದ್ಯಕ್ಕೆ ‘ಅದಲುಬದಲು ಬೇರ್ಪಾಟು’ ಎಂದು ಬರೆದು, ಮೊದಲ ಸಲ ಬಂದಲ್ಲಿ ಇಬ್ಬರ ಕಥೆಯನ್ನೂ ಬಿಡಿಸಿ ಹೇಳಿದ್ದೇನೆ. ‘ಬೇರೆ ಬೇರೆ’ ಎಂದಿದ್ದುದನ್ನು ‘ಒಂದು ಕೆಟ್ಟರೂ ಇನ್ನೊಂದು ಉಳಿಯಬಲ್ಲದು’ ಎಂದು ಮಾಡಿಕೊಂಡೆ. ಮೂಲದವರು ಬೈದರೆ ಬೈಯಲಿ.

ಕಾಲೇಜು ಕನ್ನಡ ಮೇಷ್ಟ್ರು, ಹಾಸನ

‘ಅದಲುಬದಲು’ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಚೀಲ ಬದಲಾದ ಹಾಗೆ ಕೇಳುತ್ತದೆ ಮೇಡಂ, ಯಾರದೋ ತಪ್ಪಿನಿಂದ ಆದದ್ದು ಅನ್ನೋ ಥರ. ‘ಇಬ್ಬಗೆ’ ಅನ್ನೋಣ ಎಂದರೆ ‘ಇಬ್ಬಗೆ ನೀತಿ’ ನೆನಪಾಗುತ್ತದೆ. ‘ಇಬ್ಬದಿ ಬೇರ್ಪಾಟು’ ಆಗಬಹುದಾ? ರಸ್ತೆಯ ಇಬ್ಬದಿಯಲ್ಲಿ ನಿಂತ ಹಾಗೆ ಎದುರುಬದುರೂ ಆಯಿತು.